ಧೀಂಗಿಣದ ಜಿಫ್ 500 ಕೆಬಿಗೆ ಇಳಿಯುತ್ತಿಲ್ಲ, ಸುತ್ತು ಕೂಡುವಲ್ಲಿ ಜರ್ಕ್ ಹೊಡೆಯುತ್ತದೆ

ಚೌಕಿ_ಹುಡುಗ (ಸುರತ್ಕಲ್)

ಎಲ್ಲರಿಗೂ ನಮಸ್ಕಾರ. ನಮ್ಮದು ತೆಂಕುತಿಟ್ಟಿನ ಸಣ್ಣ ಹವ್ಯಾಸಿ ತಂಡ. ಮುಂದಿನ ತಿಂಗಳ ಆಟದ ಪ್ರಕಟಣೆಯನ್ನು ಊರಿನವರು ನೋಡುವ ಒಂದು ಜಾಲತಾಣದಲ್ಲಿ ಹಾಕಬೇಕಾಗಿದೆ. ಪ್ರಕಟಣೆಯ ಪಕ್ಕದಲ್ಲಿ 300 ಪಿಕ್ಸೆಲ್ ಅಗಲದ ಚೌಕವೊಂದಿದ್ದು, ಅಲ್ಲಿ ವಿಡಿಯೊ ಹಿಡಿಸುವುದಿಲ್ಲ, ಜಿಫ್ ಮಾತ್ರ ಹಿಡಿಸುತ್ತದೆ, ಅದೂ 500 ಕೆಬಿಯ ಒಳಗಿರಬೇಕು. ಕಳೆದ ವರ್ಷದ ಆಟದಲ್ಲಿ ನಮ್ಮ ಪುಂಡುವೇಷದ ಹುಡುಗ ಹಾಕಿದ ಧೀಂಗಿಣದ ತುಣುಕನ್ನು ಅಲ್ಲಿ ಸುತ್ತುತ್ತಲೇ ಇರುವಂತೆ ತೋರಿಸಬೇಕೆಂಬುದು ನಮ್ಮ ಆಸೆ.

ಮೂಲ ವಿಡಿಯೊ ಫೋನಿನದು, 1920×1080, ಸೆಕೆಂಡಿಗೆ 30 ಫ್ರೇಮ್. ಫೋನನ್ನು ಸ್ಟ್ಯಾಂಡಿನ ಮೇಲಿಟ್ಟು ತೆಗೆದದ್ದರಿಂದ ಚಿತ್ರ ಅಲುಗಾಡಿಲ್ಲ. ಅದರಲ್ಲಿ 41ನೆಯ ಸೆಕೆಂಡಿನಿಂದ ಸುಮಾರು ಎರಡೂವರೆ ಸೆಕೆಂಡು ನನಗೆ ಬೇಕು. ಎಫ್‌ಎಫ್‌ಎಂಪೆಗ್‌ನಲ್ಲಿ ಯಾವ ಆಯ್ಕೆಯನ್ನೂ ಕೊಡದೆ ನೇರವಾಗಿ ಜಿಫ್ ಮಾಡಿದಾಗ ಕಡತ 70 ಎಂಬಿ ಆಯಿತು, ಮುಖದ ಬಣ್ಣವೆಲ್ಲ ಸುಣ್ಣ ಬಳಿದಂತೆ ತೇಪೆತೇಪೆಯಾಗಿತ್ತು. ಆಮೇಲೆ `palettegen`, `paletteuse` ಹಾಕಿ, ಅಗಲವನ್ನು 480ಕ್ಕೆ, ವೇಗವನ್ನು ಸೆಕೆಂಡಿಗೆ 15 ಫ್ರೇಮಿಗೆ ಇಳಿಸಿದೆ. ಬಣ್ಣ ಚೆನ್ನಾಗಿ ಬಂತು, ಆದರೆ ಕಡತ ಇನ್ನೂ 31 ಲಕ್ಷ ಬೈಟ್ ಇದೆ. ಅದಲ್ಲದೆ ಕೊನೆಯಿಂದ ಮೊದಲಿಗೆ ಹಾರುವಾಗ ವೇಷಧಾರಿ ಒಮ್ಮೆಲೇ ಎರಡಡಿ ಪಕ್ಕಕ್ಕೆ ಜಿಗಿದಂತೆ ಕಾಣುತ್ತದೆ. ಪ್ಯಾಲೆಟ್ಟಿನ ಬಣ್ಣಗಳನ್ನು 32ಕ್ಕೆ ಇಳಿಸಿ ನೋಡಿದರೂ ನಾನೆಣಿಸಿದಷ್ಟು ಇಳಿಯಲಿಲ್ಲ. ಎಲ್ಲಿ ತಪ್ಪುತ್ತಿದ್ದೇನೆ?

ಹಳೆಬಂದರು

ಇದಕ್ಕೆ ಇಷ್ಟು ತಲೆ ಕೆಡಿಸಿಕೊಳ್ಳಬೇಕಾಗಿಲ್ಲ ಮಾರಾಯ್ರೇ. ವಿಡಿಯೊ ಸಣ್ಣದು ಮಾಡುವಾಗ ನಾವು ಬಿಟ್‌ರೇಟ್ ಕೊಡುವುದಿಲ್ಲವೇ, ಇಲ್ಲಿಯೂ ಹಾಗೆಯೇ `-b:v 500k` ಎಂದು ಕೊಡಿ. ಅದೂ ಸಾಲದಿದ್ದರೆ `-fs 500000` ಎಂದು ಸೇರಿಸಿ. ಅದು ಕಡತದ ಗಾತ್ರಕ್ಕೆ ಮಿತಿ ಹಾಕುವ ಆಯ್ಕೆ, ನಾನೇ ಎಷ್ಟೋ ಸಲ ಬಳಸಿದ್ದೇನೆ.

ಮಾಷ್ಟ್ರು_ಮಣಿಪಾಲ

ಹಳೆಬಂದರಿನವರು ಹೇಳಿದ ಎರಡನೆಯ ಮಾತಿನಲ್ಲಿ ಅರ್ಧ ಸತ್ಯವಿದೆ. `-fs` ಗಾತ್ರಕ್ಕೆ ಮಿತಿ ಹಾಕುವುದು ನಿಜ, ಆದರೆ ಅದು ಹಿಂಡಿ ಚಿಕ್ಕದು ಮಾಡುವುದಿಲ್ಲ. ಬರೆಯುತ್ತಾ ಹೋಗಿ ಮಿತಿ ದಾಟಿದೊಡನೆ ಅಲ್ಲಿಗೇ ನಿಲ್ಲಿಸುತ್ತದೆ. ಸಿಗುವುದು ಬಾಲ ಕತ್ತರಿಸಿದ ಜಿಫ್, ಅದೂ ಹೇಳಿದ ಮಿತಿಗಿಂತ ತುಸು ಹೆಚ್ಚೇ ತೂಗುತ್ತದೆ. ಧೀಂಗಿಣದ ಅರ್ಧದಲ್ಲಿ ಬೆನ್ನು ತಿರುಗಿಸಿ ನಿಂತ ವೇಷ ಯಾರಿಗೂ ಬೇಡ. `-b:v`ಯಂತೂ ಇಲ್ಲಿ ಏನೂ ಮಾಡುವುದಿಲ್ಲ. ಜಿಫ್ ತನ್ನ ಪಿಕ್ಸೆಲ್‌ಗಳನ್ನು ಒಂದಿನಿತೂ ಬಿಡದೆ ಬರೆಯುವ ಕ್ರಮವಾದ್ದರಿಂದ, ಗುಣಮಟ್ಟ ಕಡಿಮೆ ಮಾಡಿ ಬಿಟ್ ಉಳಿಸುವ ಜಾಗವೇ ಆ ಎನ್‌ಕೋಡರಿನಲ್ಲಿಲ್ಲ. ನಷ್ಟವೇನಿದ್ದರೂ ಅದು ಪ್ಯಾಲೆಟ್ಟಿಗೆ ಬಣ್ಣ ಹೊಂದಿಸುವಾಗಲೇ ಆಗಿ ಮುಗಿದಿರುತ್ತದೆ.

ಚೌಕಿಯವರೇ, ಉತ್ತರಿಸುವ ಮೊದಲು ಮೂರು ಸಂಗತಿ ತಿಳಿಯಬೇಕು. ಆ ಎರಡೂವರೆ ಸೆಕೆಂಡಿನಲ್ಲಿ ಹುಡುಗ ಎಷ್ಟು ಸುತ್ತು ಹಾಕುತ್ತಾನೆ? ನಿಂತಲ್ಲೇ ಸುತ್ತುತ್ತಾನೆಯೋ, ರಂಗಸ್ಥಳವನ್ನು ಬಳಸುತ್ತಾ ಸುತ್ತುತ್ತಾನೆಯೋ? ಹಿನ್ನೆಲೆಯಲ್ಲಿ ಏನಿದೆ, ಬೆಳಕು ಯಾವುದು?

ಚೌಕಿ_ಹುಡುಗ

ಮಾಷ್ಟ್ರೇ, ಉತ್ತರ ಬರುವ ಮೊದಲೇ `-fs` ಹಾಕಿ ನೋಡಿಬಿಟ್ಟಿದ್ದೆ. ನೀವು ಹೇಳಿದಂತೆಯೇ ಆಯಿತು, ಆರೇ ಫ್ರೇಮಿಗೆ ಆಟ ಮುಗಿಯಿತು.

ಆ ತುಣುಕಿನಲ್ಲಿ ಮೂರು ಸುತ್ತುಗಳಿಗಿಂತ ಸ್ವಲ್ಪ ಕಡಿಮೆ ಇದೆ. ಮೊದಲನೆಯ ಸುತ್ತು ಬಹುಪಾಲು ನಿಂತಲ್ಲೇ ಆಗುತ್ತದೆ, ಎರಡನೆಯದರಿಂದ ಅವನು ಬಲಕ್ಕೆ ಸರಿಯುತ್ತಾ ಹೋಗುತ್ತಾನೆ. ಹಿಂದೆ ಕಪ್ಪು ಪರದೆ, ಎಡಬದಿಯಲ್ಲಿ ಚೆಂಡೆ ಮದ್ದಳೆಯವರ ಮೊಣಕಾಲು ಕಾಣುತ್ತದೆ. ಬೆಳಕು ಟ್ಯೂಬ್‌ಲೈಟ್‌ಗಳದು, ಜೊತೆಗೆ ಮುಂಬದಿಯಿಂದ ಒಂದು ಫ್ಲಡ್‌ಲೈಟ್.

ಗೆಜ್ಜೆನಾದ

ನನ್ನದೂ ಇದೇ ಸಮಸ್ಯೆ. ನಮ್ಮ ಮಗಳ ರಂಗಪ್ರವೇಶದ ವಿಡಿಯೊವನ್ನು ಜಿಫ್ ಮಾಡಿದರೆ ಚೆಂಡೆಯ ಸದ್ದು ಪೂರ್ತಿ ಹೊರಟುಹೋಗುತ್ತದೆ. ಸದ್ದನ್ನು ಉಳಿಸುವ ಪ್ಯಾಲೆಟ್ ಸೆಟ್ಟಿಂಗ್ ಯಾವುದೆಂದು ದಯವಿಟ್ಟು ತಿಳಿಸಬೇಕು.

ಮಾಷ್ಟ್ರು_ಮಣಿಪಾಲ

ಗೆಜ್ಜೆನಾದದವರೇ, ಜಿಫ್‌ನಲ್ಲಿ ಸದ್ದಿಗೆ ಜಾಗವೇ ಇಲ್ಲ, ಪ್ಯಾಲೆಟ್ ಎಂಬುದು ಬರೀ ಬಣ್ಣಗಳ ಪಟ್ಟಿ. ನಿಮಗೆ ಬೇಕಾದದ್ದು ಎಂಪಿ4, ಅದನ್ನು ಬೇರೆ ಎಳೆಯಲ್ಲಿ ಕೇಳಿದರೆ ಸಂತೋಷದಿಂದ ಹೇಳುತ್ತೇನೆ.

ಇನ್ನು ಚೌಕಿಯವರ ವಿಚಾರ. ತಾವು ಪ್ಯಾಲೆಟ್ಟಿನ ಬಣ್ಣ ಕಡಿಮೆ ಮಾಡುವುದರಿಂದ ಶುರುಮಾಡಿದ್ದೀರಿ, ನಾನು ಅದನ್ನು ಕೊನೆಗಿಟ್ಟುಕೊಳ್ಳುತ್ತೇನೆ. ಮೊದಲು ಲೆಕ್ಕ ಮಾಡೋಣ. ಜಿಫ್‌ನ ಪ್ರತಿ ಪಿಕ್ಸೆಲ್ ಕುಗ್ಗಿಸುವ ಮೊದಲು ಒಂದು ಬೈಟಿನ ಸಂಖ್ಯೆ, ಅಂದರೆ ಪ್ಯಾಲೆಟ್ಟಿನ ಎಷ್ಟನೆಯ ಬಣ್ಣ ಎಂಬುದು. ನಿಮ್ಮ ಎರಡನೆಯ ಪ್ರಯತ್ನದಲ್ಲಿ 480×270ರ ಚಿತ್ರ, 2.4 ಸೆಕೆಂಡಿಗೆ 36 ಫ್ರೇಮ್ ಎಂದಿಟ್ಟುಕೊಂಡರೆ 46 ಲಕ್ಷಕ್ಕೂ ಮಿಕ್ಕಿದ ಸಂಖ್ಯೆಗಳಾದವು. ಅದು 31 ಲಕ್ಷ ಬೈಟಿಗೆ ಬಂದಿದೆ ಎಂದರೆ ಕುಗ್ಗಿಸುವಿಕೆ ಮೂರನೆಯ ಒಂದು ಪಾಲನ್ನಷ್ಟೇ ಉಳಿಸಿದೆ. ಐದು ಲಕ್ಷಕ್ಕೆ ತರಬೇಕಾದರೆ ಮೊದಲು ಈ ಸಂಖ್ಯೆಗಳ ರಾಶಿಯೇ ಕರಗಬೇಕು.

ಅದಕ್ಕೆ ಅತಿ ಅಗ್ಗದ ದಾರಿ ಒಂದೇ ಸುತ್ತನ್ನು ಇಟ್ಟುಕೊಳ್ಳುವುದು. ಹೇಗಿದ್ದರೂ ಅದು ಮತ್ತೆ ಮತ್ತೆ ತಿರುಗುತ್ತದೆ, ಮೂರು ಸುತ್ತು ಬರೆದು ಮೂರು ಪಟ್ಟು ತೂಕ ಹೊರುವುದೇಕೆ? ನಿಂತಲ್ಲೇ ಹಾಕಿದ ಮೊದಲನೆಯ ಸುತ್ತೇ ನಿಮಗೆ ಬೇಕಾದದ್ದು. ಜರ್ಕಿನ ಕಾರಣವೂ ಅಲ್ಲೇ ಇದೆ, ಅವನು ಬಲಕ್ಕೆ ಸರಿದ ಮೇಲೆ ನೀವು ಕತ್ತರಿಸಿದ್ದೀರಿ. ಎಲ್ಲಿ ಕತ್ತರಿಸಬೇಕೆಂಬುದನ್ನು ಪ್ಲೇಯರಿನಲ್ಲಿ ಕಣ್ಣಳತೆಯಿಂದ ಹುಡುಕಬೇಡಿ, ಫ್ರೇಮ್‌ಗಳನ್ನು ಬಿಡಿ ಚಿತ್ರಗಳಾಗಿ ಹೊರತೆಗೆಯಿರಿ.

```
ffmpeg -ss 41 -t 3 -i dhingina.mp4 -vf "fps=30,scale=320:-1" f%03d.png
```

ಇದರಿಂದ ಸುಮಾರು 90 ಚಿತ್ರಗಳು ಬರುತ್ತವೆ. ಚಿತ್ರಗಳ ಫೋಲ್ಡರಿನಲ್ಲಿ ಬಾಣದ ಗುಂಡಿ ಒತ್ತುತ್ತಾ, ವೇಷ ನೇರವಾಗಿ ಎದುರು ನೋಡುವ ಒಂದು ಚಿತ್ರವನ್ನು ಗುರುತಿಸಿ. ಒಂದು ಸುತ್ತು ಕಳೆದು ಅದೇ ಭಂಗಿ ಮತ್ತೆ ಬರುವ ಚಿತ್ರ ಯಾವುದೆಂದು ನೋಡಿ. ಮುಖಕ್ಕಿಂತಲೂ ಕಾಲು, ಕೈ, ದಗಲೆಯ ಅಂಚು ಎಲ್ಲಿವೆ ಎಂಬುದು ಮುಖ್ಯ. ಆ ಎರಡನೆಯ ಚಿತ್ರವನ್ನು ಜಿಫ್‌ಗೆ ಸೇರಿಸಬಾರದು. ಸೇರಿಸಿದರೆ ಒಂದೇ ಭಂಗಿ ಎರಡು ಫ್ರೇಮ್ ನಿಂತು, ಪ್ರತಿ ಸುತ್ತಿಗೂ ಉಸಿರು ಹಿಡಿದಂತೆ ತಡೆಯುತ್ತದೆ.

ಮೊದಲಿಗೆ `fps=30` ಹಾಕಿದ್ದಕ್ಕೂ ಕಾರಣವಿದೆ. ಫೋನಿನ ವಿಡಿಯೊದಲ್ಲಿ ಫ್ರೇಮ್‌ಗಳ ನಡುವಿನ ಅಂತರ ಒಂದೇ ಸಮನಾಗಿರುವುದಿಲ್ಲ, ಇಲ್ಲಿ ಎಣಿಸಿದ್ದು ಮುಂದಿನ ಆಜ್ಞೆಯಲ್ಲಿಯೂ ಅದೇ ಎಣಿಕೆಯಾಗಿ ಬರಬೇಕೆಂದರೆ ಎರಡರಲ್ಲಿಯೂ ಅದು ಇರಬೇಕು.

ರಥಬೀದಿ_ಉಡುಪಿ

ನಡುವೆ ಬಾಯಿ ಹಾಕಿದ್ದಕ್ಕೆ ಕ್ಷಮೆ ಇರಲಿ, ಮೇಲಿನ ಆಜ್ಞೆಯನ್ನು ನನ್ನದೊಂದು ತುಣುಕಿನ ಮೇಲೆ ಪ್ರಯೋಗಿಸಿದೆ. ಪ್ರತಿಸಲ ಬೆರಳಚ್ಚು ಮಾಡುವುದು ಬೇಡವೆಂದು ವಿಂಡೋಸ್‌ನಲ್ಲಿ ಒಂದು ಬ್ಯಾಚ್ ಕಡತದಲ್ಲಿ ಬರೆದಿಟ್ಟಿದ್ದೆ. 90 ಚಿತ್ರಗಳ ಬದಲು ಒಂದೇ ಒಂದು ಚಿತ್ರ ಬಂತು, ಅದರ ಹೆಸರಿನೊಳಗೆ ನನ್ನ ಬ್ಯಾಚ್ ಕಡತದ ಹೆಸರೇ ತೂರಿಕೊಂಡಿತ್ತು. ಒಂದು ಗಂಟೆ ಹುಡುಕಿದ ಮೇಲೆ ತಿಳಿದದ್ದು ಇಷ್ಟು: ಬ್ಯಾಚ್ ಕಡತದೊಳಗೆ `%0` ಎಂದರೆ ಆ ಕಡತದ ಹೆಸರು ಎಂದೇ ಅರ್ಥ, ಆದ್ದರಿಂದ ಅಲ್ಲಿ `f%%03d.png` ಎಂದು ಎರಡು ಸಲ ಬರೆಯಬೇಕು. ನೇರವಾಗಿ ಬೆರಳಚ್ಚು ಮಾಡುವವರಿಗೆ ಈ ಕಾಟವಿಲ್ಲ.

ಚೌಕಿ_ಹುಡುಗ

ಚಿತ್ರಗಳನ್ನು ಹೊರತೆಗೆದು ಕುಳಿತು ನೋಡಿದೆ. f008ರಲ್ಲಿ ಅವನು ನೇರ ಎದುರು, ಬಲಗಾಲು ನೆಲಕ್ಕೆ ತಾಗುತ್ತಿದೆ. f036ರಲ್ಲಿ ಬಹುತೇಕ ಅದೇ ಭಂಗಿ, ಎಡಗೈ ಮಾತ್ರ ಕೂದಲೆಳೆಯಷ್ಟು ಮೇಲಿದೆ. f035ರಲ್ಲಿ ಕೈ ಸರಿಯಾಗಿದೆ, ಆದರೆ ಕಾಲು ಇನ್ನೂ ಗಾಳಿಯಲ್ಲಿದೆ. ಯಾವುದನ್ನು ಇಟ್ಟುಕೊಳ್ಳಲಿ?

ಮಾಷ್ಟ್ರು_ಮಣಿಪಾಲ

ಕಾಲಿಗೆ ಮರ್ಯಾದೆ ಕೊಡೋಣ, f036. ಇಲ್ಲೊಂದು ಕಡೆ ಎಲ್ಲರೂ ಎಡವುತ್ತಾರೆ. ಚಿತ್ರಗಳ ಹೆಸರು 1ರಿಂದ ಶುರುವಾಗುತ್ತದೆ, ಆದರೆ `trim` ಎಣಿಸುವುದು ಸೊನ್ನೆಯಿಂದ. ಆದ್ದರಿಂದ f008 ಎಂದರೆ 7, f036 ಎಂದರೆ 35. `end_frame`ಗೆ ಕೊಟ್ಟ ಫ್ರೇಮ್ ಸೇರದೆ ಹೊರಗೇ ಉಳಿಯುತ್ತದೆ, ನಮಗೂ ಅದೇ ಬೇಕು. ನಡುವೆ ಉಳಿಯುವುದು 28 ಫ್ರೇಮ್, ಅಂದರೆ 0.93 ಸೆಕೆಂಡು. ಒಂದು ಬಿಟ್ಟು ಒಂದನ್ನು ತೆಗೆದರೆ 14 ಫ್ರೇಮ್.

```
ffmpeg -ss 41 -t 3 -i dhingina.mp4 -vf "fps=30,crop=1080:1080,scale=300:300,trim=start_frame=7:end_frame=35,setpts=PTS-STARTPTS,framestep=2,split[a][b];[a]palettegen[p];[b][p]paletteuse" -loop 0 d1.gif
```

ಎರಡನೆಯ ಸಲ `fps=15` ಎನ್ನದೆ `framestep=2` ಎಂದದ್ದು ನನ್ನ ಹಳೆಯ ಅಭ್ಯಾಸ. `fps` ಸಮಯವನ್ನು ಹತ್ತಿರದ ಸಂಖ್ಯೆಗೆ ಹೊಂದಿಸುವಾಗ ತುದಿಯಲ್ಲಿ ಒಂದು ಫ್ರೇಮ್ ಹೆಚ್ಚೋ ಕಡಿಮೆಯೋ ಆದೀತೆಂಬ ಅಳುಕು ನನಗೆ ಯಾವಾಗಲೂ ಇದ್ದದ್ದೇ. `framestep` ಸುಮ್ಮನೆ ಎಣಿಸಿ ಬಿಡುತ್ತದೆ. ಬದಿಗಳಲ್ಲಿ ವ್ಯರ್ಥವಾಗಿದ್ದ ಪರದೆಯನ್ನು `crop` ತೆಗೆದುಹಾಕುವುದರಿಂದ, 300 ಪಿಕ್ಸೆಲ್ ಚೌಕದಲ್ಲಿಯೂ ವೇಷ ನಿಮ್ಮ 480ರ ಚಿತ್ರಕ್ಕಿಂತ ದೊಡ್ಡದಾಗಿಯೇ ಕಾಣುತ್ತದೆ. ವೇಷ ನಡುವಿನಲ್ಲಿ ಇಲ್ಲದಿದ್ದರೆ `crop=1080:1080:300:0` ಎಂಬಂತೆ ಎಡದಿಂದ ಎಷ್ಟು ಬಿಡಬೇಕೆಂಬುದನ್ನು ಕೊಡಿ. ಈಗ ರಾಶಿ 300×300ರ 14 ಚಿತ್ರಗಳು, 12,60,000 ಸಂಖ್ಯೆಗಳು. ಇದು ಎಷ್ಟಕ್ಕೆ ಬರುತ್ತದೆಂದು ತಿಳಿಸಿ.

ಅಂದಹಾಗೆ, ಓಡುವಾಗ ತೆರೆಯ ಮೇಲೆ ಬರುವ ಸಾಲುಗಳಲ್ಲಿ ಹೊರಹೋಗುವ ಜಿಫ್‌ನ ಮುಂದೆ `pal8` ಎಂದಿದೆಯೇ ನೋಡಿ. ನಿಮ್ಮ ಮೊದಲ 70 ಎಂಬಿಯ ಕಡತದಲ್ಲಿ ಅಲ್ಲಿ `bgr8` ಎಂದಿದ್ದಿರಬೇಕು. ಅದು ಎಲ್ಲ ಚಿತ್ರಕ್ಕೂ ಒಂದೇ ಆದ ಸಿದ್ಧ ಪಟ್ಟಿ, ಕೆಂಪಿಗೆ 8, ಹಸಿರಿಗೆ 8, ನೀಲಿಗೆ 4 ಮೆಟ್ಟಿಲು. ಮುಖ ತೇಪೆತೇಪೆಯಾದದ್ದು ಅದರಿಂದಲೇ.

ಚೌಕಿ_ಹುಡುಗ

ಮಾಷ್ಟ್ರೇ, ಸುತ್ತು ಕೂಡಿತು! ಎಲ್ಲಿ ಶುರು, ಎಲ್ಲಿ ಕೊನೆ ಎಂದು ನನಗೇ ತಿಳಿಯುವುದಿಲ್ಲ. ಹುಡುಗನಿಗೆ ತೋರಿಸಿದಾಗ "ನಾನು ಇಷ್ಟು ಹೊತ್ತು ಸುತ್ತಿದ್ದೆನಾ" ಎಂದು ಕೇಳಿದ. `pal8` ಎಂದೇ ಇದೆ. ಆದರೆ ಗಾತ್ರ 8,60,000 ಬೈಟ್. ಇನ್ನೊಂದು ಸಂಗತಿಯೂ ಕಣ್ಣಿಗೆ ಬಿತ್ತು. ಹಿಂದಿನ ಕಪ್ಪು ಪರದೆ ಸುಮ್ಮನಿರಬೇಕಾದದ್ದು ಇರುವೆ ಹರಿದಂತೆ ಕುದಿಯುತ್ತಿದೆ. ಮೂಲ ವಿಡಿಯೊದಲ್ಲಿ ನನಗೆ ಹಾಗೆ ಕಾಣಿಸಿರಲಿಲ್ಲ.

ಹಳೆಬಂದರು

`-fs` ವಿಚಾರದಲ್ಲಿ ನನ್ನದು ತಪ್ಪಾಯಿತು, ಒಪ್ಪಿದೆ. ವಿಡಿಯೊಗಳಲ್ಲಿ ಬಾಲ ಕತ್ತರಿಸಿದ್ದು ಇಷ್ಟು ದಿನ ನನ್ನ ಗಮನಕ್ಕೇ ಬಂದಿರಲಿಲ್ಲ, ಅದನ್ನು ನೆನೆದರೆ ಈಗ ಸಂಕಟವಾಗುತ್ತದೆ. ಈ ಪರದೆ ಕುದಿಯುವುದಕ್ಕೆ ಮಾತ್ರ ಔಷಧ ಗೊತ್ತು: ಬಣ್ಣಗಳನ್ನು 16ಕ್ಕೆ ಇಳಿಸಿಬಿಡಿ, ಕಪ್ಪು ಒಂದೇ ಕಪ್ಪಾಗಿ ಕೂರುತ್ತದೆ.

ಮಾಷ್ಟ್ರು_ಮಣಿಪಾಲ

16ಕ್ಕೆ ಇಳಿಸಿದರೆ ಕುದಿತ ಹೆಚ್ಚುವ ಸಾಧ್ಯತೆಯೇ ಜಾಸ್ತಿ. ಚೌಕಿಯವರು 32ಕ್ಕೆ ಇಳಿಸಿದಾಗ ಗಾತ್ರ ಏಕೆ ಅಷ್ಟಾಗಿ ಇಳಿಯಲಿಲ್ಲ ಎಂಬುದಕ್ಕೂ ಇದೇ ಉತ್ತರವಾದ್ದರಿಂದ ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಬಣ್ಣ ಸಾಲದಿದ್ದಾಗ `paletteuse` ಇರುವ ಎರಡು ಬಣ್ಣಗಳ ಚುಕ್ಕಿಗಳನ್ನು ಬೆರೆಸಿ ನಡುವಿನ ಬಣ್ಣದ ಭ್ರಮೆ ಹುಟ್ಟಿಸುತ್ತದೆ. ಏನೂ ಹೇಳದಿದ್ದರೆ ಅದು ಬಳಸುವುದು `sierra2_4a` ಎಂಬ ವಿಧಾನವನ್ನು. ಒಂದು ಪಿಕ್ಸೆಲ್ಲಿಗೆ ಸರಿಯಾದ ಬಣ್ಣ ಸಿಗದಿದ್ದರೆ ಆದ ತಪ್ಪನ್ನು ಅದು ಪಕ್ಕದ ಮತ್ತು ಕೆಳಗಿನ ಪಿಕ್ಸೆಲ್‌ಗಳಿಗೆ ದಾಟಿಸುತ್ತದೆ. ಬಿಡಿ ಚಿತ್ರವೊಂದಕ್ಕೆ ಇದು ಬಲು ಸೊಗಸು. ಆದರೆ ಫೋನಿನ ಸೆನ್ಸರ್ ಕತ್ತಲಲ್ಲಿ ಹುಟ್ಟಿಸುವ ನಾಯ್ಸ್ ಪ್ರತಿ ಫ್ರೇಮಿನಲ್ಲಿಯೂ ಬೇರೆ. ಮೇಲೆ ಒಂದು ಪಿಕ್ಸೆಲ್ ಒಂದು ಮೆಟ್ಟಿಲು ಬದಲಾದರೆ ಅದರ ತಪ್ಪು ಕೆಳಕೆಳಗೆ ಹರಿದು, ಸಾಲು ಸಾಲೇ ಹೊಸ ಚುಕ್ಕಿಗಳಾಗುತ್ತವೆ. ಮೂಲದಲ್ಲಿ ಕಣ್ಣಿಗೆ ಕಾಣದಿದ್ದ ನಾಯ್ಸ್ ಜಿಫ್‌ನಲ್ಲಿ ಇರುವೆಯಾದದ್ದು ಹೀಗೆ. ಬಣ್ಣ ಕಡಿಮೆಯಾದಷ್ಟೂ ಒಂದೊಂದು ತಪ್ಪು ದೊಡ್ಡದಾಗಿ ಇರುವೆಗಳೂ ದಪ್ಪವಾಗುತ್ತವೆ.

ಗಾತ್ರಕ್ಕೂ ಇದಕ್ಕೂ ನೇರ ಸಂಬಂಧವಿದೆ. ಎಫ್‌ಎಫ್‌ಎಂಪೆಗ್ ಹಿಂದಿನ ಫ್ರೇಮಿನಿಂದ ಬದಲಾಗದ ಪಿಕ್ಸೆಲ್ಲನ್ನು ಪಾರದರ್ಶಕವೆಂದು ಗುರುತಿಸಿ ಬರೆಯುತ್ತದೆ. ಅಂಥವು ಸಾಲಾಗಿ ಬಂದರೆ ಕುಗ್ಗಿಸುವಾಗ ಹೆಚ್ಚುಕಡಿಮೆ ಪುಕ್ಕಟೆ. ನಿಮ್ಮ ಪರದೆ ಚೌಕದ ಅರ್ಧಕ್ಕಿಂತ ಹೆಚ್ಚಿದೆ, ಅದಿಷ್ಟೂ ಪುಕ್ಕಟೆಯಾಗಬೇಕಾದದ್ದು ಈಗ ಪ್ರತಿ ಫ್ರೇಮಿಗೂ ಹೊಸದಾಗಿ ಬರೆಸಿಕೊಳ್ಳುತ್ತಿದೆ.

ಮದ್ದು ಎರಡು. ಮೊದಲು ನಾಯ್ಸನ್ನು `hqdn3d`ಯಿಂದ ತಣಿಸುವುದು. ಆಮೇಲೆ ತಪ್ಪನ್ನು ದಾಟಿಸುವ ವಿಧಾನ ಬಿಟ್ಟು `bayer` ಬಳಸುವುದು. ಅದು ನೇಯ್ಗೆಯ ಹಾಗೆ, ಚುಕ್ಕಿ ಎಲ್ಲಿ ಬೀಳಬೇಕೆಂಬುದು ಪಿಕ್ಸೆಲ್ ಇರುವ ಜಾಗವನ್ನು ಅವಲಂಬಿಸಿದೆಯೇ ಹೊರತು ಪಕ್ಕದವರ ತಪ್ಪನ್ನಲ್ಲ. ಬಣ್ಣ ಬದಲಾಗದಿದ್ದರೆ ಚುಕ್ಕಿಯೂ ಬದಲಾಗದು.

```
ffmpeg -ss 41 -t 3 -i dhingina.mp4 -vf "fps=30,crop=1080:1080,scale=300:300,hqdn3d=2:2:6:6,trim=start_frame=7:end_frame=35,setpts=PTS-STARTPTS,framestep=2,split[a][b];[a]palettegen=max_colors=128:stats_mode=diff[p];[b][p]paletteuse=dither=bayer:bayer_scale=3" -loop 0 d2.gif
```

`hqdn3d` ಅನ್ನು `trim`ಗಿಂತ ಮೊದಲೇ ಇಟ್ಟದ್ದನ್ನು ಗಮನಿಸಿ. ಅದು ಹಿಂದಿನ ಫ್ರೇಮ್‌ಗಳನ್ನು ನೋಡಿ ಈಗಿನದನ್ನು ತಣಿಸುತ್ತದೆ. ಕತ್ತರಿಸಿದ ಮೇಲೆ ಇಟ್ಟರೆ ಮೊದಲ ಫ್ರೇಮಿಗೆ ಹಿಂದೆ ಯಾರೂ ಇರುವುದಿಲ್ಲ, ಅದೊಂದು ಮಾತ್ರ ನಾಯ್ಸ್ ಹೊತ್ತೇ ಉಳಿದು, ಪ್ರತಿ ಸುತ್ತಿಗೂ ಪರದೆ ಒಮ್ಮೆ ಮಿಡಿದಂತೆ ಕಾಣುತ್ತದೆ. ಈಗ ಅದಕ್ಕೆ ಏಳು ಫ್ರೇಮಿನ ಪೂರ್ವಾಭ್ಯಾಸ ಸಿಗುತ್ತದೆ.

`stats_mode=diff` ಎಂದರೆ ಪ್ಯಾಲೆಟ್ ಆರಿಸುವಾಗ ಬದಲಾಗುವ ಪಿಕ್ಸೆಲ್‌ಗಳನ್ನು ಮಾತ್ರ ಎಣಿಸು ಎಂದರ್ಥ. ಮೊದಲ ಫ್ರೇಮ್ ಮಾತ್ರ ಪೂರ್ತಿ ಎಣಿಕೆಗೆ ಬರುತ್ತದೆ. ಹಾಗೆ ಮಾಡದಿದ್ದರೆ ಪರದೆಯ ಹತ್ತಾರು ಕಪ್ಪುಗಳು ಪಟ್ಟಿಯ ಜಾಗ ತಿನ್ನುತ್ತವೆ, ದಗಲೆಯ ಕೆಂಪಿಗೂ ಮುಖದ ಬಣ್ಣಗಳಿಗೂ ಉಳಿದದ್ದೇ ಗತಿ. ಆದರೆ ನಾಯ್ಸ್ ತಣಿಸದೆ ಇದನ್ನು ಹಾಕಿ ಪ್ರಯೋಜನವಿಲ್ಲ. ನಾಯ್ಸ್ ಇದ್ದಲ್ಲಿ ಪ್ರತಿ ಪಿಕ್ಸೆಲ್ಲೂ ಬದಲಾಗುತ್ತಲೇ ಇರುವುದರಿಂದ ಪರದೆಯೂ ಎಣಿಕೆಯೊಳಗೆ ಬಂದುಬಿಡುತ್ತದೆ.

ಬಣ್ಣದಕೋಣೆ

ಮಾಷ್ಟ್ರು ಹೇಳಿದ ಕಾರಣಗಳಿಗೆ ನನ್ನ ತಕರಾರಿಲ್ಲ, `bayer`ಗೆ ಮಾತ್ರ ಇದೆ. ನಾನು ಆಮಂತ್ರಣ ಪತ್ರಿಕೆ, ಬ್ಯಾನರ್ ವಿನ್ಯಾಸ ಮಾಡುವವಳು, ಯಕ್ಷಗಾನದ ಚಿತ್ರಗಳು ದಿನವೂ ಕೈಯಲ್ಲಿ ಓಡಾಡುತ್ತವೆ. ಮುಖವರ್ಣಿಕೆಯ ನಯವಾದ ಮೈಬಣ್ಣದ ಮೇಲೆ ಆ ಅಡ್ಡಗೆರೆಯ ನೇಯ್ಗೆ ಬಿದ್ದರೆ ಮುಖಕ್ಕೆ ಸೊಳ್ಳೆಪರದೆ ಹೊದಿಸಿದಂತೆ ಕಾಣುತ್ತದೆ. ನಾನಾಗಿದ್ದರೆ `dither=none` ಹಾಕಿ 200 ಬಣ್ಣ ಇಟ್ಟುಕೊಳ್ಳುತ್ತಿದ್ದೆ. ಮುಖದಲ್ಲಿ ಮೆಟ್ಟಿಲು ಮೂಡಬಹುದು, ಆದರೆ ಅರ್ದಲದ ಮುಖದಲ್ಲಿ ಗೆರೆಗಳು ಹೇಗೂ ಗಟ್ಟಿಯಾಗಿಯೇ ಇರುತ್ತವೆ, ಮೆಟ್ಟಿಲು ಕಣ್ಣಿಗೆ ಹೊಡೆಯುವುದಿಲ್ಲ. ಇನ್ನೊಂದು ಮಾತು, `hqdn3d`ಯ ಸಮಯದ ಅಂಕಿಗಳನ್ನು ಜಾಸ್ತಿ ಮಾಡಿದರೆ ತಿರುಗುವ ಕೈಯ ಹಿಂದೆ ನೆರಳು ಎಳೆಯುತ್ತದೆ. 6 ಎಂಬುದೇ ನನ್ನ ಕಣ್ಣಿಗೆ ಹೆಚ್ಚು.

ಮಾಷ್ಟ್ರು_ಮಣಿಪಾಲ

ಅಕ್ಕ, ನೆರಳಿನ ಮಾತು ಒಪ್ಪಿದೆ. ಕೈಯ ಹಿಂದೆ ಮಸುಕು ಎಳೆದರೆ ಕೊನೆಯ ಎರಡು ಅಂಕಿಗಳನ್ನು 4ಕ್ಕೆ ಇಳಿಸಬಹುದು. ನೇಯ್ಗೆ ಎದ್ದು ಕಾಣುವುದಾದರೆ `bayer_scale` ಅನ್ನು 4ಕ್ಕೋ 5ಕ್ಕೋ ಏರಿಸಬಹುದು. ಅಂಕಿ ಏರಿದಂತೆ ನೇಯ್ಗೆ ಮಾಸುತ್ತದೆ, ಮೆಟ್ಟಿಲುಗಳು ಹೆಚ್ಚುತ್ತವೆ, ಕೊನೆಗೆ ನಿಮ್ಮ `none`ನ ಸಮೀಪಕ್ಕೇ ಬಂದು ನಿಲ್ಲುತ್ತದೆ. 300 ಪಿಕ್ಸೆಲ್ ಚೌಕದಲ್ಲಿ ಮುಖ ಇರುವುದು ಹೆಬ್ಬೆರಳಿನ ಉಗುರಿನಷ್ಟು, ಅದೂ ತಿರುಗುತ್ತಿರುತ್ತದೆ. ಸೊಳ್ಳೆಪರದೆ ಅಲ್ಲಿ ಯಾರಿಗೆ ಕಾಣುತ್ತದೆ ಎಂಬುದು ನನ್ನ ಅನುಮಾನ.

ಬಣ್ಣದಕೋಣೆ

ನನಗೆ ಕಾಣುತ್ತದೆ.

ಮಲ್ಪೆ_ಕಡಲು

ಇದೇ ಆಜ್ಞೆಯನ್ನು, ಅಂಕಿಗಳನ್ನಷ್ಟೇ ಬದಲಿಸಿ, ಮಲ್ಪೆಯ ಸೂರ್ಯಾಸ್ತದ ಮೂರು ಸೆಕೆಂಡಿನ ತುಣುಕಿಗೆ ಹಾಕಿದೆ. ಆಕಾಶದಲ್ಲಿ ಈರುಳ್ಳಿ ಸಿಪ್ಪೆಯ ಹಾಗೆ ಪದರ ಪದರ ಮೂಡಿತು, ಗಾತ್ರವೂ ಇಳಿಯಲಿಲ್ಲ. `diff` ಹಾಕಿದರೂ ಹಾಕದಿದ್ದರೂ ಒಂದೇ ಆಗಿದೆ. ತೆರೆಗಳು ಕೂಡುವಂತೆ ಮಾಡಲು ಹಿಂದುಮುಂದಾಗಿ ಓಡಿಸಿಯೂ ನೋಡಿದೆ, ಕಡಲು ನೀರನ್ನು ನುಂಗಿ ವಾಪಸು ಉಗುಳಿದಂತೆ ಅಸಹ್ಯವಾಗಿ ಕಂಡಿತು.

ಮಾಷ್ಟ್ರು_ಮಣಿಪಾಲ

ನಿಮ್ಮದು ಬೇರೆಯೇ ಜಾತಿಯ ಚಿತ್ರ. ಕಡಲಿನಲ್ಲಿ ಸುಮ್ಮನಿರುವ ಪಿಕ್ಸೆಲ್ ಇಲ್ಲವೇ ಇಲ್ಲ, ಆದ್ದರಿಂದ `diff`ಗೆ ಬಿಟ್ಟುಬಿಡಲು ಏನೂ ಸಿಗದು. ಆಕಾಶಕ್ಕೆ ನೂರಾರು ಕಿತ್ತಳೆಗಳು ಬೇಕು, ಪಟ್ಟಿಯಲ್ಲಿ ಎಲ್ಲ ಸೇರಿ 256ಕ್ಕಿಂತ ಹೆಚ್ಚಿಗೆ ಜಾಗವಿಲ್ಲ. ಬಣ್ಣ 256ಕ್ಕೇ ಬಿಟ್ಟು, ಡಿದರ್ `sierra2_4a`ಗೆ ಮರಳಿ, ಆಕಾಶವನ್ನು ಸಾಧ್ಯವಾದಷ್ಟು `crop` ಮಾಡಿ, ಚಿತ್ರವನ್ನು ಇನ್ನೂ ಚಿಕ್ಕದಾಗಿಸಿ. ಅಷ್ಟೇ ನನಗೆ ತೋಚುವುದು. ಸೂರ್ಯಾಸ್ತಕ್ಕೂ ಸಣ್ಣ ಜಿಫ್‌ಗೂ ಜಾತಕ ಕೂಡುವುದಿಲ್ಲ.

ಚೌಕಿ_ಹುಡುಗ

ತಡವಾಯಿತು, ನಿನ್ನೆ ನಮ್ಮಲ್ಲಿ ಕರೆಂಟ್ ಇರಲಿಲ್ಲ. d2 4,70,000 ಬೈಟ್ ಆಗಿದೆ, ಮಿತಿಯೊಳಗೆ ಬಂತು! ಪರದೆಯ ಬಲಭಾಗ ಈಗ ಕಲ್ಲಿನಂತೆ ಸುಮ್ಮನಿದೆ, ದಗಲೆಯ ಕೆಂಪು ಕೆಂಪಾಗಿಯೇ ಇದೆ. ಅಕ್ಕ ಹೇಳಿದ `none` ಕೂಡ ಮಾಡಿದೆ, ಅದು ಇನ್ನೂ ಹಗುರ. ನನಗೆ ಎರಡರ ನಡುವೆ ಹೆಚ್ಚು ವ್ಯತ್ಯಾಸ ಕಾಣಲಿಲ್ಲ, ನನ್ನ ಹೆಂಡತಿಗೆ ಒಮ್ಮೆಗೇ ಕಂಡಿತು.

ಆದರೆ ಎಡಭಾಗದಲ್ಲಿ, ಟ್ಯೂಬ್‌ಲೈಟ್ ಬೆಳಕು ಬೀಳುವಲ್ಲಿ, ನಸುಗಪ್ಪು ಅಡ್ಡಪಟ್ಟೆಗಳು ಮೇಲೆ ಕೆಳಗೆ ಹಾರುತ್ತಿವೆ. ಮೂಲದಲ್ಲಿಯೂ ಇವೆ, ಈಗಷ್ಟೇ ಗಮನಿಸಿದೆ. `deflicker` ಎಂಬ ಫಿಲ್ಟರ್ ಇದೆಯೆಂದು ಓದಿ ಹಾಕಿದೆ, ಏನೂ ಆಗಲಿಲ್ಲ.

ಮಾಷ್ಟ್ರು_ಮಣಿಪಾಲ

`deflicker` ಇಡೀ ಫ್ರೇಮಿನ ಬೆಳಕು ಏರಿಳಿಯುವುದನ್ನು ಸರಿಪಡಿಸುವಂಥದ್ದು. ನಿಮ್ಮದು ಒಂದೇ ಫ್ರೇಮಿನೊಳಗೆ ಕೆಲವು ಸಾಲು ಕಪ್ಪು, ಕೆಲವು ಬೆಳಕು. ಅದು ಅದರ ಕೈಗೆ ಸಿಗದು.

ನಮ್ಮ ವಿದ್ಯುತ್ತು 50 ಹರ್ಟ್ಸ್, ಆದ್ದರಿಂದ ಹಳೆಯ ಚೋಕಿನ ಟ್ಯೂಬ್‌ಲೈಟ್ ಸೆಕೆಂಡಿಗೆ 100 ಸಲ ಮಿಣುಕುತ್ತದೆ. ಫೋನು 30 ಸಲ ನೋಡುತ್ತದೆ. ಒಂದು ಫ್ರೇಮಿನ ಅವಧಿಯಲ್ಲಿ ಮೂರೂ ಮೂರನೆಯ ಒಂದು ಮಿಣುಕು. ಹಾಗಾಗಿ ಪಟ್ಟೆಗಳು ಪ್ರತಿ ಫ್ರೇಮಿಗೂ ಜಾಗ ಬದಲಿಸಿ, ಮೂರು ಫ್ರೇಮ್ ಕಳೆದ ಮೇಲೆ ಮೊದಲಿನ ಜಾಗಕ್ಕೆ ಬರುತ್ತವೆ. ನೀವು ಎರಡೆರಡಾಗಿ ಹಾರಿದರೆ ಪಟ್ಟೆಯೂ ಹಾರುತ್ತದೆ. ಮೂರುಮೂರಾಗಿ ಹಾರಿದರೆ, ಅಂದರೆ ಸೆಕೆಂಡಿಗೆ 10 ಫ್ರೇಮ್ ಇಟ್ಟುಕೊಂಡರೆ, ಪಟ್ಟೆ ಪ್ರತಿಸಲವೂ ಒಂದೇ ಜಾಗದಲ್ಲಿ ಕಂಡು ನೆರಳಿನಂತೆ ಸುಮ್ಮನಾಗುತ್ತದೆ. ಆಗ ಎಡಭಾಗವೂ ಪುಕ್ಕಟೆಯ ಲೆಕ್ಕಕ್ಕೆ ಸೇರುತ್ತದೆ.

ಆದರೆ 28 ಮೂರರಿಂದ ಭಾಗವಾಗುವುದಿಲ್ಲ, 27 ಆಗುತ್ತದೆ. ನೀವು ಬೇಡವೆಂದ f035ನ್ನೇ ಕೊನೆಯೆಂದು ಹಿಡಿಯಬೇಕು, `end_frame=34`, `framestep=3`. ಒಂಬತ್ತು ಫ್ರೇಮ್ ಬರುತ್ತವೆ. ಜಿಫ್ ಸಮಯವನ್ನು ಸೆಕೆಂಡಿನ ನೂರನೆಯ ಭಾಗದಲ್ಲಿ ಅಳೆಯುವುದರಿಂದ ಇಲ್ಲಿ ಎಲ್ಲ ಫ್ರೇಮಿಗೂ ಸರಿಯಾಗಿ 10 ಎಂದು ಬೀಳುತ್ತದೆ, ಈಗಿನ 15ರ ವೇಗದಲ್ಲಿ 7, 6, 7 ಎಂದು ಕುಂಟುತ್ತಿದೆ. ಬೆಲೆಯೇನೆಂದರೆ ಫ್ರೇಮಿಗೆ 40 ಡಿಗ್ರಿ ತಿರುಗಿದಂತಾಗುತ್ತದೆ. ಧೀಂಗಿಣಕ್ಕೆ ಅದು ಸಾಕೇ ಎಂದು ನೋಡಿದವರೇ ಹೇಳಬೇಕು.

ಚೌಕಿ_ಹುಡುಗ

ಮಾಡಿದೆ. 2,90,000 ಬೈಟ್. ಪಟ್ಟೆಗಳು ನಿಂತುಬಿಟ್ಟವು, ಚೆಂಡೆಯವರ ಮೊಣಕಾಲಿನ ಮೇಲೆ ಒಂದು ತೆಳು ನೆರಳು ಬಿದ್ದಂತಿದೆ ಅಷ್ಟೇ. ಗಾಳಿಯಲ್ಲಿದ್ದ ಕಾಲಿನಿಂದಾಗಿ ಕೂಡುವಲ್ಲಿ ಸಣ್ಣದೊಂದು ತಟ್ಟು ಇದೆ, ಹುಡುಕಿದರೆ ಮಾತ್ರ ಸಿಗುತ್ತದೆ.

ಎರಡನ್ನೂ ತಂಡದ ಗುಂಪಿಗೆ ಕಳುಹಿಸಿದ್ದೇನೆ. ಭಾಗವತರು 15ರದ್ದೇ ಆಗಬೇಕು, 10ರದ್ದರಲ್ಲಿ ಹುಡುಗ ತಾಳ ತಪ್ಪಿದಂತೆ ಕಾಣುತ್ತಾನೆ ಎನ್ನುತ್ತಾರೆ. ಉಳಿದವರಿಗೆ ಹಾರುವ ಪಟ್ಟೆ ಬೇಡ. ಪ್ರಕಟಣೆಗೆ ಶನಿವಾರದವರೆಗೆ ಸಮಯವಿದೆ.

ಬಣ್ಣದಕೋಣೆ

ಎಡಬದಿಯ ಮೊಣಕಾಲುಗಳನ್ನೇ `crop`ನಿಂದ ಹೊರಗಿಟ್ಟು 15ರದ್ದನ್ನು ಮತ್ತೊಮ್ಮೆ ಮಾಡಿ ನೋಡಿದಿರಾ? ಪಟ್ಟೆ ಇರುವುದು ಅಲ್ಲಿ ಮಾತ್ರವಷ್ಟೇ.

ಚೌಕಿ_ಹುಡುಗ

ಇಲ್ಲ ಅಕ್ಕ, ಅದು ಹೊಳೆಯಲೇ ಇಲ್ಲ. 900ರ ಚೌಕ ಹಾಕಿದರೆ ಕೈಯ ತುದಿ ಕತ್ತರಿಸುತ್ತದೆಯೋ ಏನೋ. ರಾತ್ರಿ ಮಾಡಿ ಇಲ್ಲಿಯೇ ಹಾಕುತ್ತೇನೆ.